ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಬರುವ ಮುಂಚೆ ಓದಿಕೊಳ್ಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಲಗ್ಗೆರೆಯ ನಮ್ಮ ಬೀದಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಕೂತು ನಾನು ಅಕ್ಕಪಕ್ಕದವರಿಗೆ ಟೈಪಿಂಗ್ ಮತ್ತು ಆನ್‌ಲೈನ್ ಅರ್ಜಿಯ ಕೆಲಸ ಮಾಡಿಕೊಡುತ್ತೇನೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದು ಪಿಯುಸಿ ಸೇರುವ ಹೊತ್ತಿಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಇದರಲ್ಲಿ ಹೆಚ್ಚಿನ ಭಾಗ ಮಕ್ಕಳ ವಿದ್ಯಾರ್ಥಿವೇತನದ ಬಗ್ಗೆ ಇದೆ. ನಮ್ಮ ಕಡೆ ಜನ ಜಾಸ್ತಿ ಒದ್ದಾಡುವುದು ಅದರಲ್ಲೇ.

ನೀವು ಸರ್ಕಾರದ ಕೇಂದ್ರದವರಾ?

ಅಲ್ಲ. ನನಗೆ ಯಾವ ಇಲಾಖೆಯ ಲಾಗಿನ್ನೂ ಇಲ್ಲ, ಒಳಗೆ ಯಾರ ಪರಿಚಯವೂ ಇಲ್ಲ. ನೀವು ನಿಮ್ಮ ಫೋನಿನಲ್ಲಿ ತುಂಬಬಹುದಾದ ಅರ್ಜಿಯನ್ನೇ ನಾನು ನಿಮ್ಮ ಎದುರು ಕೂತು ತುಂಬುತ್ತೇನೆ. ಅರ್ಜಿ ಮಂಜೂರು ಮಾಡಿಸಿಕೊಡುತ್ತೇನೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ.

ಎಷ್ಟು ದುಡ್ಡು ಆಗುತ್ತೆ?

ಒಂದು ಅರ್ಜಿಗೆ ನಾನು 50 ರೂಪಾಯಿ ತೆಗೆದುಕೊಳ್ಳುತ್ತೇನೆ. ಪ್ರಿಂಟ್ ಅದರಲ್ಲೇ ಸೇರಿದೆ. ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅರ್ಜಿ ಹಾಕಲು ಸರ್ಕಾರಕ್ಕೆ ಒಂದು ಪೈಸೆಯೂ ಕಟ್ಟಬೇಕಿಲ್ಲ. ಜಾತಿ, ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಯ ಸಣ್ಣ ಶುಲ್ಕ ಇದೆ. ಅದನ್ನು ನಾನು ಕಟ್ಟಿ, ರಸೀದಿ ಕೈಗೆ ಕೊಟ್ಟು, ರಸೀದಿಯಲ್ಲಿ ಇದ್ದಷ್ಟೇ ತೆಗೆದುಕೊಳ್ಳುತ್ತೇನೆ.

ಬರುವಾಗ ಏನೇನು ತರಬೇಕು?

ಮಗುವಿನ ಆಧಾರ್, ತಂದೆ ತಾಯಿಯ ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ರೇಷನ್ ಕಾರ್ಡ್, ಕಾಲೇಜಿನ ಶುಲ್ಕದ ರಸೀದಿ, ಮಗುವಿನ ಹೆಸರಿನ ಬ್ಯಾಂಕ್ ಪಾಸ್‌ಬುಕ್. ಜೊತೆಗೆ ಆಧಾರ್‌ಗೆ ಜೋಡಿಸಿರುವ ನಂಬರ್ ಇರುವ ಫೋನ್. ಅದು ಅಪ್ಪನ ಫೋನ್ ಆಗಿದ್ದರೆ ಅಪ್ಪನೂ ಬರಬೇಕು, ಇಲ್ಲವೇ ಫೋನನ್ನು ಮನೆಯಲ್ಲಿ ಬಿಟ್ಟು ಹೋಗಬೇಕು. ಎಷ್ಟೋ ಜನ ಎಲ್ಲ ಕಾಗದ ತಂದು, ಆ ಫೋನ್ ಆಟೋದಲ್ಲಿ ಯಶವಂತಪುರದ ಕಡೆ ಓಡಾಡುತ್ತಿದೆ ಎಂದು ವಾಪಸ್ ಹೋಗುತ್ತಾರೆ.

ಮೂಲ ಪ್ರತಿಗಳನ್ನೇ ತನ್ನಿ. ಜೆರಾಕ್ಸಿನ ಜೆರಾಕ್ಸ್‌ನಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ.

ಎಲ್ಲ ದಾಖಲೆ ಇದೆಯಲ್ಲ, ಮೊದಲು ಹೆಸರು ಹೆಸರು ಅಂತ ಯಾಕೆ ಕೂರುತ್ತೀರಿ? ಟೈಪ್ ಮಾಡಿಬಿಡಿ.

ಟೈಪ್ ಮಾಡಲು ಅರ್ಧ ಗಂಟೆ ಸಾಕು. ಆದರೆ ಅರ್ಜಿ ನಿಲ್ಲುವುದು ಟೈಪಿಂಗ್‌ನಲ್ಲಿ ಅಲ್ಲ. ಎಸ್‌ಎಸ್‌ಪಿಯಲ್ಲಿ ನಿಮ್ಮ ಮಗುವಿನ ಹೆಸರನ್ನು ನಾನು ಬರೆಯುವುದೇ ಇಲ್ಲ. ಅದು ಆಧಾರ್‌ನಿಂದ ಬರುತ್ತದೆ. ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ ಹಾಕಿದರೆ ಪರೀಕ್ಷಾ ಮಂಡಳಿಯಲ್ಲಿರುವ ವಿವರ ಬರುತ್ತದೆ. ಜಾತಿ, ಆದಾಯ ಪತ್ರದ ನಂಬರ್ ಹಾಕಿದರೆ ನಾಡಕಚೇರಿಯಲ್ಲಿರುವ ಹೆಸರು ಬರುತ್ತದೆ. ಈ ಮೂರೂ ಒಬ್ಬರದ್ದೇ ಎಂದು ಕಂಪ್ಯೂಟರ್‌ಗೆ ಗೊತ್ತಾಗುವುದು ಅಕ್ಷರ ತಾಳೆಯಾದರೆ ಮಾತ್ರ. ನಮಗೆ ಮಗು ಒಂದೇ, ಅದಕ್ಕೆ ಮೂರು ಬೇರೆ ಹೆಸರು.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ಹೆಸರು ಬದಲಿಸಿದ್ದೇನೆ. ತಾಯಿ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ, ತಂದೆ ಆಟೋ ಓಡಿಸುತ್ತಾರೆ. ಪ್ರವರ್ಗ 2ಎ. ಮಗಳು ಮೊದಲ ಪಿಯುಸಿ ಸೇರಿದ್ದಳು. ಅವಳ ಕಾಗದಗಳಲ್ಲಿ ಹೆಸರು ಹೀಗಿತ್ತು, RD ಎಂದಿರುವುದು ನಾಡಕಚೇರಿಯ ಜಾತಿ, ಆದಾಯ ಪತ್ರ:

```
SSLC    : KAVYA M
Aadhaar : Kaavya
RD      : Kavya Manjunath
```

ಮೂರೂ ಒಂದೇ ಹುಡುಗಿ ಎಂದು ಓದಿದ ಯಾರಿಗಾದರೂ ಗೊತ್ತಾಗುತ್ತದೆ, ಅಲ್ವಾ? ಪೋರ್ಟಲ್‌ಗೆ ಗೊತ್ತಾಗುವುದಿಲ್ಲ.

ಇಂಥ ಕಡೆ ನನ್ನ ಪದ್ಧತಿ ಒಂದೇ. ಅಂಕಪಟ್ಟಿಯ ಹೆಸರನ್ನು ಗಟ್ಟಿ ಎಂದು ಹಿಡಿದುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸುವುದು. ಅಂಕಪಟ್ಟಿಯಲ್ಲಿ ಹೆಸರು ಬದಲಿಸುವುದು ಶಾಲೆ, ಮಂಡಳಿ ಎಂದು ಸುತ್ತಾಡಿಸುವ ಕೆಲಸ. ಮುಂದೆ ಡಿಗ್ರಿ, ಕೆಲಸ, ಪಾಸ್‌ಪೋರ್ಟ್ ಎಲ್ಲದಕ್ಕೂ ಕೇಳುವುದೂ ಅದನ್ನೇ. ಆಧಾರ್ ಹೆಸರನ್ನು ಅಂಕಪಟ್ಟಿ ತೋರಿಸಿ ಆಧಾರ್ ಕೇಂದ್ರದಲ್ಲಿ ಸರಿ ಮಾಡಿಸಬಹುದು. ಆದರೆ ನೆನಪಿಡಿ: ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಹಾಗಾಗಿ "ಸದ್ಯಕ್ಕೆ ಹೀಗೆ ಮಾಡಿಸೋಣ, ಆಮೇಲೆ ನೋಡೋಣ" ಎನ್ನುವ ಮಾತು ಇಲ್ಲಿ ಬೇಡ. ಇನಿಶಿಯಲ್ ಮುಂದೆ ಇದೆಯಾ, ಹಿಂದೆ ಇದೆಯಾ ಎಂಬುದನ್ನೂ ಅಂಕಪಟ್ಟಿ ನೋಡಿಯೇ ಬರೆಸಿ. ಕೇಂದ್ರದಲ್ಲಿ ಕೊಡುವ ಚೀಟಿಯಲ್ಲಿ ಹೊಸ ಹೆಸರು ಅಚ್ಚಾಗಿರುತ್ತದೆ. ಅಲ್ಲಿಂದ ಏಳುವ ಮುಂಚೆ ಅದನ್ನು ಅಕ್ಷರ ಅಕ್ಷರ ಓದಿ.

ಕಾವ್ಯಳಿಗೆ ಮೊದಲು ಆಧಾರ್ ಸರಿ ಮಾಡಿಸಿದೆವು. ಅದು ಬದಲಾಗಿ ಬರುವವರೆಗೆ ಕಾದು, ಆಮೇಲೆ ಅದೇ ಹೆಸರಿನಲ್ಲಿ ಹೊಸ ಜಾತಿ, ಆದಾಯ ಪತ್ರ. ಆಮೇಲೆ ಬ್ಯಾಂಕ್. ಕೊನೆಗೆ ಎಸ್‌ಎಸ್‌ಪಿ. ಈ ಕ್ರಮ ತಪ್ಪಿದರೆ ಒಂದೇ ಕೆಲಸ ಎರಡೆರಡು ಸಲ ಆಗುತ್ತದೆ. ಹಳೇ ಆಧಾರ್ ಹೆಸರಿನಲ್ಲಿ ಹೊಸ ಪ್ರಮಾಣ ಪತ್ರ ಮಾಡಿಸಿಕೊಂಡು ಬಂದವರಿಗೆ ಮತ್ತೆ ಮೊದಲಿನಿಂದ ಶುರು. ಕೊನೇ ದಿನಾಂಕದ ವಾರದಲ್ಲಿ ಬಂದರೆ ಈ ಸರಪಳಿ ಮುಗಿಯುವುದಿಲ್ಲ. ರಿಸಲ್ಟ್ ಬಂದ ತಕ್ಷಣ ಬನ್ನಿ, ಕಾಲೇಜು ಸೇರುವವರೆಗೆ ಕಾಯಬೇಡಿ.

ಇನ್ನೊಂದು ವಿಷಯ. ಮಗುವಿಗೆ 15 ತುಂಬಿದ ಮೇಲೆ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣು, ಫೋಟೋ ಹೊಸದಾಗಿ ಕೊಡುವುದು ಕಡ್ಡಾಯ. 15ರಿಂದ 17ರ ಒಳಗೆ ಕೊಟ್ಟರೆ ಅದಕ್ಕೆ ಶುಲ್ಕ ಇಲ್ಲ. ಹೆಸರು ಸರಿ ಮಾಡಿಸಲು ಹೋದಾಗಲೇ ಇದನ್ನೂ ಮುಗಿಸಿಕೊಂಡು ಬನ್ನಿ.

ಆರ್‌ಡಿ ನಂಬರ್ ಅಂದರೆ ಯಾವುದು? ನಮ್ಮದು ಹಳೇದಿದೆ, ನಡೆಯುತ್ತಾ?

ನಾಡಕಚೇರಿ ಕೊಡುವ ಜಾತಿ, ಆದಾಯ ಪತ್ರದ ಮೇಲೆ RD ಎಂದು ಶುರುವಾಗುವ ಉದ್ದದ ಸಂಖ್ಯೆ ಇರುತ್ತದೆ. ಅದೇ. ವಿದ್ಯಾರ್ಥಿವೇತನಕ್ಕೂ ಬೇಕು, ನಾಳೆ ಸಿಇಟಿ ಅರ್ಜಿಯಲ್ಲಿ ಮೀಸಲಾತಿ ಕೇಳಲೂ ಬೇಕು.

ಹಳೇದು ನಡೆಯುತ್ತದಾ ಎಂಬುದು ಯಾವ ಪತ್ರ ಎಂಬುದರ ಮೇಲೆ. ಎಸ್‌ಸಿ, ಎಸ್‌ಟಿ ಮತ್ತು ಪ್ರವರ್ಗ 1ರ ಜಾತಿ ಪತ್ರ ಜೀವನಪೂರ್ತಿ ನಡೆಯುತ್ತದೆ. ಅದನ್ನು ಪ್ರತಿ ವರ್ಷ ಮಾಡಿಸುವ ಅಗತ್ಯ ಇಲ್ಲ. ಆದಾಯ ಪತ್ರಕ್ಕೆ 5 ವರ್ಷ. 2ಎ, 2ಬಿ, 3ಎ, 3ಬಿ ಪ್ರವರ್ಗದವರಿಗೆ ಜಾತಿ ಮತ್ತು ಆದಾಯ ಒಂದೇ ಪತ್ರದಲ್ಲಿ ಬರುತ್ತದೆ. ಅದಕ್ಕೂ 5 ವರ್ಷ. ಕಾವ್ಯಳ ಪತ್ರ ಅವಳು ಐದನೇ ಕ್ಲಾಸಿನಲ್ಲಿದ್ದಾಗ ಮಾಡಿಸಿದ್ದು. ಲ್ಯಾಮಿನೇಶನ್ ಹಾಕಿಸಿ ಜೋಪಾನವಾಗಿ ಇಟ್ಟಿದ್ದರು, ಆದರೆ ಅವಧಿ ಮುಗಿದಿತ್ತು. ಪತ್ರ ನೋಡಲು ಹೊಸದಾಗಿದ್ದರೆ ಸಾಲದು, ಕೊಟ್ಟ ದಿನಾಂಕ ನೋಡಿ.

ಅರ್ಜಿಯಲ್ಲಿ ಹೋಬಳಿ ಕೇಳುತ್ತೆ. ಬೆಂಗಳೂರಲ್ಲಿ ಹೋಬಳಿ ಎಲ್ಲಿದೆ?

ಇದೆ. ವಾರ್ಡ್ ಲೆಕ್ಕ ಪಾಲಿಕೆಯದ್ದು. ನಾಡಕಚೇರಿ ಕಂದಾಯ ಇಲಾಖೆಯದ್ದು, ಅವರ ಲೆಕ್ಕದಲ್ಲಿ ನಮ್ಮ ಊರು ಇವತ್ತಿಗೂ ತಾಲ್ಲೂಕು, ಹೋಬಳಿ, ಗ್ರಾಮ. ಲಗ್ಗೆರೆ ಬೆಂಗಳೂರು ಉತ್ತರ ತಾಲ್ಲೂಕಿನ ಯಶವಂತಪುರ ಹೋಬಳಿಗೆ ಸೇರುತ್ತದೆ. ಕತ್ರಿಗುಪ್ಪೆಯಲ್ಲಿ ನಿಮ್ಮ ತಂಗಿಯ ಮನೆ ಇದ್ದರೆ ಅದು ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿ. ತಪ್ಪು ಹೋಬಳಿ ಆರಿಸಿದರೆ ಅರ್ಜಿ ಬೇರೆ ಕಚೇರಿಯ ಪರಿಶೀಲನೆಗೆ ಹೋಗುತ್ತದೆ. ಅಲ್ಲಿಯವರು "ಇವರು ನಮ್ಮ ವ್ಯಾಪ್ತಿಯಲ್ಲಿ ಇಲ್ಲ" ಎಂದು ತಿರಸ್ಕರಿಸುತ್ತಾರೆ. ಹಳೇ ಪತ್ರ ಇದ್ದರೆ ಹೋಬಳಿ ಅದರಲ್ಲೇ ಇರುತ್ತದೆ. ಸ್ವಂತ ಮನೆ ಇದ್ದವರ ಕ್ರಯಪತ್ರದಲ್ಲೂ ಇರುತ್ತದೆ, ಬಾಡಿಗೆಯವರು ಓನರ್‌ನ ಕೇಳಬಹುದು.

ಆದಾಯ ಸ್ವಲ್ಪ ಕಡಿಮೆ ಹಾಕಿ ಅಂದರೆ ಹಾಕುತ್ತೀರಾ?

ಇಲ್ಲ. ಮನೆಯ ಎಲ್ಲರ ಒಟ್ಟು ವರಮಾನ ಏನಿದೆಯೋ ಅದನ್ನೇ ಬರೆಯುತ್ತೇನೆ. ಪರಿಶೀಲನೆಗೆ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು ವಿಚಾರಿಸುತ್ತಾರೆ. ಸುಳ್ಳು ಎಂದು ಗೊತ್ತಾದರೆ ಪತ್ರ ರದ್ದಾಗುವುದು ಮಗುವಿನ ಹೆಸರಿನಲ್ಲಿ, ಬಹುಶಃ ಸಿಇಟಿ ಸೀಟು ಸಿಕ್ಕ ಹೊತ್ತಿಗೆ. ಪಿಡಿಎಫ್‌ನಲ್ಲಿ ಅಂಕಿ ತಿದ್ದಿ ಕೊಡುವವರು ಇದ್ದಾರೆಂದು ಕೇಳಿದ್ದೇನೆ. ಆರ್‌ಡಿ ನಂಬರ್ ಹಾಕಿದಾಗ ಪೋರ್ಟಲ್ ಮೂಲ ದಾಖಲೆಯನ್ನೇ ತೆಗೆಯುತ್ತದೆ. ನಿಮ್ಮ ಕಾಗದದಲ್ಲಿ ಏನು ಅಚ್ಚಾಗಿದೆ ಎಂದು ಅದು ನೋಡುವುದೇ ಇಲ್ಲ.

ಸ್ಕಾಲರ್‌ಶಿಪ್ ಮಂಜೂರು ಅಂತ ತೋರಿಸುತ್ತೆ, ಅಕೌಂಟಿಗೆ ಬಂದಿಲ್ಲ. ಪಾಸ್‌ಬುಕ್ ನಂಬರ್ ತಪ್ಪು ಹಾಕಿದಿರಾ?

ಇದು ನನ್ನ ಹತ್ತಿರ ಜಗಳಕ್ಕೇ ಬರುವ ಪ್ರಶ್ನೆ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಈ ಹಣ ಅಕೌಂಟ್ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನಂಬರ್ ನೋಡಿ ಬರುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಎಂಬ ಪಟ್ಟಿ ಎನ್‌ಪಿಸಿಐ ಎಂಬ ಸಂಸ್ಥೆಯಲ್ಲಿ ಇರುತ್ತದೆ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್. ಕೊನೆಯದಾಗಿ ಯಾವ ಬ್ಯಾಂಕ್ ಜೋಡಿಸಿತೋ ಹಣ ಅಲ್ಲಿಗೇ ಹೋಗುತ್ತದೆ.

ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ ಎನ್ನುತ್ತಾರೆ. ಅದು ಕೆವೈಸಿಗೆ ಆಯಿತು. ಎನ್‌ಪಿಸಿಐ ಪಟ್ಟಿಗೆ ಸೇರಿಸಲು ಬೇರೆ ಒಪ್ಪಿಗೆ ಅರ್ಜಿ ಇದೆ, ಅದಕ್ಕೆ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ಎನ್ನುತ್ತಾರೆ. ಕೌಂಟರಿನಲ್ಲಿ "ಲಿಂಕ್ ಆಗಿದೆಯಾ" ಎಂದು ಕೇಳಿದರೆ ಕೆವೈಸಿ ನೋಡಿ "ಆಗಿದೆ" ಎಂದು ಕಳಿಸುತ್ತಾರೆ. "ಡಿಬಿಟಿ ಹಣಕ್ಕೆ ಎನ್‌ಪಿಸಿಐ ಸೀಡಿಂಗ್ ಆಗಿದೆಯಾ" ಎಂದೇ ಕೇಳಿ. ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣಕ್ಕೆ ಡಿಬಿಟಿ ಎನ್ನುತ್ತಾರೆ.

ಇದನ್ನು ನಾವೇ ಇಲ್ಲಿ ಕೂತು ನೋಡಬಹುದು. `myaadhaar.uidai.gov.in` ತಾಣಕ್ಕೆ ಮಗುವಿನ ಆಧಾರ್‌ನಿಂದ ಲಾಗಿನ್ ಆಗಿ `Bank Seeding Status` ಒತ್ತಿದರೆ ಬ್ಯಾಂಕಿನ ಹೆಸರು ಕಾಣುತ್ತದೆ. ಕಾವ್ಯಳ ಪಾಸ್‌ಬುಕ್ ಒಂದು ಬ್ಯಾಂಕಿನದ್ದು. ಪರದೆಯ ಮೇಲೆ ಬಂದದ್ದು ಬೇರೆ, ಒಂದು ಪೇಮೆಂಟ್ಸ್ ಬ್ಯಾಂಕ್. ಅಂಗಡಿಯಲ್ಲಿ ಆಧಾರ್ ಕೊಟ್ಟು ಬೆರಳಿಟ್ಟಾಗ ಆ ಖಾತೆಯೂ ತೆರೆದುಕೊಂಡಿತ್ತು. ಮನೆಯಲ್ಲಿ ಯಾರಿಗೂ ನೆನಪೇ ಇರಲಿಲ್ಲ. ಅವಳ ಬ್ಯಾಂಕ್ ಶಾಖೆಯಲ್ಲಿ ಸೀಡಿಂಗ್ ಫಾರಂ ಕೊಟ್ಟೆವು. ಆ ಫಾರಂನಲ್ಲಿ "ಈಗ ಬೇರೆ ಬ್ಯಾಂಕಿನಲ್ಲಿದೆ, ಇಲ್ಲಿಗೆ ಬದಲಿಸಿ" ಎನ್ನುವ ಆಯ್ಕೆ ಇರುತ್ತದೆ, ಅದಕ್ಕೆ ಗುರುತು ಹಾಕಬೇಕು. ಪರದೆಯಲ್ಲಿ ಬ್ಯಾಂಕಿನ ಹೆಸರು ಬದಲಾಗಿದೆ ಎಂದು ನೋಡಿದ ಮೇಲೆಯೇ ಎಸ್‌ಎಸ್‌ಪಿ ಅರ್ಜಿಗೆ ಕೂತೆವು.

ಹಣ ಈಗಾಗಲೇ ಬಿಡುಗಡೆ ಆಗಿದ್ದರೆ ಗಾಬರಿ ಬೇಡ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಬ್ಯಾಂಕಿಗೆ, ಯಾವ ದಿನ ಹೋಯಿತು ಎಂದು ಇರುತ್ತದೆ. ಮರೆತ ಖಾತೆಗೆ ಹೋಗಿದ್ದರೂ ಅದು ಮಗುವಿನದ್ದೇ ಖಾತೆ.

ಓಟಿಪಿ ಯಾರಿಗೂ ಹೇಳಬೇಡಿ ಅಂತಾರೆ. ನೀವು ಕೇಳುತ್ತೀರಲ್ಲ?

ನಿಮ್ಮ ಅನುಮಾನ ಸರಿ. ಅದಕ್ಕೆ ನಮ್ಮಲ್ಲಿ ಎರಡು ನಿಯಮ. ಫೋನ್ ನಿಮ್ಮ ಕೈಯಲ್ಲೇ ಇರುತ್ತದೆ, ನಾನು ಮುಟ್ಟುವುದಿಲ್ಲ. ಮೆಸೇಜ್ ಬಂದಾಗ ಸಂಖ್ಯೆ ಹೇಳುವ ಮುಂಚೆ ಅದು ಯಾವುದಕ್ಕೆ ಬಂದಿದೆ ಎಂದು ಓದಿ. ಆಧಾರ್ ದೃಢೀಕರಣ, ನಾಡಕಚೇರಿ ಲಾಗಿನ್, ಎಸ್‌ಎಸ್‌ಪಿ ಎಂದಿದ್ದು, ನಮ್ಮ ಮುಂದಿನ ಪರದೆಯಲ್ಲೂ ಅದೇ ಪುಟ ಇದ್ದರೆ ನೀವೇ ಒತ್ತಿ, ಅಥವಾ ಓದಿ ಹೇಳಿ. ಮೆಸೇಜಿನಲ್ಲಿ ಬ್ಯಾಂಕಿನ ಹೆಸರೋ ರೂಪಾಯಿಯ ಮೊತ್ತವೋ ಇದ್ದರೆ ನನಗೂ ಹೇಳಬೇಡಿ. ಶುಲ್ಕ ನಾನೇ ಕಟ್ಟುವುದರಿಂದ ನಿಮ್ಮ ಬ್ಯಾಂಕಿನ ಓಟಿಪಿ ನನಗೆ ಎಂದೂ ಬೇಕಾಗುವುದಿಲ್ಲ.

ನೀವು ಮನೆಗೆ ಹೋದ ಮೇಲೆ ನನ್ನ ಹೆಸರು ಹೇಳಿ ಯಾರಾದರೂ ಫೋನ್ ಮಾಡಿ ಓಟಿಪಿ ಕೇಳಿದರೆ ಅದು ನಾನಲ್ಲ. ಫೋನಿನಲ್ಲಿ ನಾನು ಕೇಳುವುದೇ ಇಲ್ಲ.

ನಮ್ಮ ಹತ್ತಿರ ಸರಿಯಾದ ಫೋನಿಲ್ಲ. ನಿಮ್ಮ ನಂಬರೇ ಹಾಕಿಬಿಡಿ.

ದಯವಿಟ್ಟು ಇದೊಂದನ್ನು ಕೇಳಬೇಡಿ. ನನ್ನ ನಂಬರ್ ಹಾಕಿದರೆ ಮುಂದಿನ ವರ್ಷ ನವೀಕರಣಕ್ಕೆ, ಪಾಸ್‌ವರ್ಡ್ ಮರೆತಾಗ, ಅರ್ಜಿಯಲ್ಲಿ ತಕರಾರು ಬಂದಾಗ, ಎಲ್ಲ ಮೆಸೇಜೂ ನನಗೇ ಬರುತ್ತದೆ. ನಾನು ಮನೆ ಬದಲಿಸಿದರೆ ನಿಮ್ಮ ಮಗುವಿನ ಖಾತೆಯ ಬಾಗಿಲು ಮುಚ್ಚಿಹೋಗುತ್ತದೆ. ಬೇರೆ ಅಂಗಡಿಯಲ್ಲಿ ಅವರ ನಂಬರ್ ಹಾಕಿಸಿಕೊಂಡು, ಆ ಅಂಗಡಿ ಮುಚ್ಚಿದ ಮೇಲೆ ಬಂದವರು ನಮ್ಮ ಬೀದಿಯಲ್ಲೇ ಇದ್ದಾರೆ. ಬಟನ್ ಫೋನ್ ಸಾಕು, ಮೆಸೇಜ್ ಬಂದರೆ ಆಯಿತು. ಆದರೆ ಆ ಸಿಮ್‌ಗೆ ರೀಚಾರ್ಜ್ ನಿಲ್ಲಿಸಬೇಡಿ.

ಆಧಾರ್‌ನಲ್ಲಿರುವ ನಂಬರ್ ಸತ್ತಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಹೊಸ ನಂಬರ್ ಸೇರಿಸಿಕೊಂಡು ಬನ್ನಿ. ಬೆರಳಿಟ್ಟರೆ ಆಯಿತು, ನಂಬರ್ ಬದಲಿಸಲು ಬೇರೆ ದಾಖಲೆ ಕೇಳುವುದಿಲ್ಲ.

ಲಾಗಿನ್ ಹೆಸರು, ಪಾಸ್‌ವರ್ಡ್ ಎರಡನ್ನೂ ಮಗುವಿನ ಕೈಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ದೊಡ್ಡಕ್ಷರ, ಸಣ್ಣಕ್ಷರ ನೋಡಿ ಬರೆಯಬೇಕು. ನಾನು ಬರೆದಿಟ್ಟುಕೊಳ್ಳುವುದಿಲ್ಲ.

ಬೇರೆ ಕಡೆ ಟೈಪ್ ಮಾಡಿಸಿದ ಕನ್ನಡ ಪತ್ರ ಪೆನ್‌ಡ್ರೈವ್‌ನಲ್ಲಿದೆ. ಅದನ್ನೇ ಅರ್ಜಿಗೆ ಹಾಕಬಹುದಲ್ಲ?

ಪಿಡಿಎಫ್ ಆಗಿದ್ದರೆ ಲಗತ್ತಿಸಬಹುದು. ಆದರೆ ಅದರಿಂದ ವಿಳಾಸ ನಕಲು ಮಾಡಿ ಅರ್ಜಿಯ ಖಾನೆಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬೀಳುತ್ತದೆ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಪೋರ್ಟಲ್‌ಗೆ ಎಲ್ಲ ಕಂಪ್ಯೂಟರ್‌ನಲ್ಲೂ ಓದಲು ಬರುವ ಯೂನಿಕೋಡ್ ಕನ್ನಡ ಬೇಕು. ಅದನ್ನು ನಾನು ಹೊಸದಾಗಿ ಟೈಪ್ ಮಾಡುತ್ತೇನೆ, ಬೇರೆ ದುಡ್ಡಿಲ್ಲ. ಕನ್ನಡ ಸೊನ್ನೆಯ ಜಾಗದಲ್ಲಿ ಅನುಸ್ವಾರ ಒತ್ತಿದರೂ ಕಣ್ಣಿಗೆ ಒಂದೇ ಥರ ಕಾಣುತ್ತದೆ, ಕಂಪ್ಯೂಟರ್‌ಗೆ ಅವು ಬೇರೆ ಬೇರೆ. ಹಾಗಾಗಿ ಮನೆ ನಂಬರ್, ಪಿನ್‌ಕೋಡ್ ಎಲ್ಲ ಇಂಗ್ಲಿಷ್ ಅಂಕಿಯಲ್ಲೇ ಹಾಕುತ್ತೇನೆ. ಕನ್ನಡದಲ್ಲಿ ಹೆಸರು ತುಂಬಿದ ಮೇಲೆ ಶ ಷ, ಲ ಳ ಸರಿ ಇದೆಯಾ ಎಂದು ನೀವೇ ಒಮ್ಮೆ ಓದಬೇಕು. ಪ್ರಮಾಣ ಪತ್ರದಲ್ಲಿ ಅದೇ ಅಚ್ಚಾಗುತ್ತದೆ.

ಶುಲ್ಕ ಕಟ್ಟಾಯಿತು, ಆದರೆ ಪುಟ ನಿಂತುಹೋಯಿತು. ಇನ್ನೊಂದು ಸಲ ಕಟ್ಟಬೇಕಾ?

ತಕ್ಷಣ ಬೇಡ. ಸ್ವಲ್ಪ ಹೊತ್ತು ಬಿಟ್ಟು ಅದೇ ಲಾಗಿನ್‌ನಲ್ಲಿ ಅರ್ಜಿಯ ಸ್ಥಿತಿ ನೋಡುತ್ತೇನೆ. ಎಷ್ಟೋ ಸಲ ಅರ್ಜಿ ಸೇರಿರುತ್ತದೆ, ಸ್ವೀಕೃತಿ ಮಾತ್ರ ಬಂದಿರುವುದಿಲ್ಲ. ಹೀಗಾದರೆ ನಷ್ಟ ನಿಮ್ಮದಲ್ಲ, ಹಣ ಕಟ್ಟಿರುವುದು ನಾನು.

ಅರ್ಜಿ ಹಾಕಿದ ಮೇಲೆ ನಮ್ಮ ಕೆಲಸ ಮುಗೀತಲ್ಲ?

ನಾಡಕಚೇರಿ ಅರ್ಜಿಯಾದರೆ ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಈ ಸೇವೆ ಸಕಾಲ ಕಾಯ್ದೆಯ ಅಡಿ ಬರುತ್ತದೆ, ಅಂದರೆ ಇಂತಿಷ್ಟು ದಿನದೊಳಗೆ ಕೊಡಲೇಬೇಕು. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕೂ ಇದೆ. ಎಲ್ಲದಕ್ಕೂ ಬೇಕಾಗುವುದು ಆ ಚೀಟಿಯ ನಂಬರ್.

ಎಸ್‌ಎಸ್‌ಪಿ ಅರ್ಜಿಯಾದರೆ ಪ್ರಿಂಟನ್ನು ಕಾಲೇಜಿಗೆ ತಲುಪಿಸಿ, ಅಲ್ಲಿಯವರು ಅದನ್ನು ಪರಿಶೀಲಿಸಿದ್ದಾರಾ ಎಂದು ಕೇಳಿ. ಕೆಲವು ದಾಖಲೆಗೆ ಇ-ದೃಢೀಕರಣ, ಅಂದರೆ ಅಧಿಕಾರಿ ಮೂಲ ಪ್ರತಿ ನೋಡಿ ಆನ್‌ಲೈನ್‌ನಲ್ಲಿ ಖಚಿತಪಡಿಸುವುದು, ಬೇಕಾಗುತ್ತದೆ, ಅದನ್ನು ಮಾಡುವ ಅಧಿಕಾರಿ ಕಾಲೇಜಿನಲ್ಲೇ ಇರುತ್ತಾರೆ. ಆಮೇಲೆ ತಿಂಗಳಿಗೊಮ್ಮೆ ಸ್ಥಿತಿ ನೋಡಿ. ಫೋನಿನಲ್ಲಿ ಹೇಗೆ ನೋಡುವುದು ಎಂದು ಮಗುವಿಗೆ ಹೇಳಿಕೊಟ್ಟೇ ಕಳಿಸುತ್ತೇನೆ. ಮುಂದಿನ ವರ್ಷ ಅವಳೇ ತುಂಬಿಕೊಂಡರೆ ನನಗೆ ಖುಷಿ. ಕಾವ್ಯ ಎರಡನೇ ವರ್ಷದ್ದನ್ನು ತಾನೇ ತುಂಬಿದಳು, ಪಕ್ಕದ ಮನೆಯ ಹುಡುಗನದ್ದನ್ನೂ ತುಂಬಿಕೊಟ್ಟಳು.

ನೀವು ಊರಲ್ಲಿ ಇಲ್ಲದಿದ್ದರೆ?

ಜಾತಿ, ಆದಾಯ ಪತ್ರಕ್ಕೆ ಬೆಂಗಳೂರು ಒನ್ ಅಥವಾ ನೇರವಾಗಿ ನಾಡಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕದ ರಸೀದಿ ಕೇಳಿ ತೆಗೆದುಕೊಳ್ಳಿ.

ನಮ್ಮ ಆಧಾರ್, ಅಂಕಪಟ್ಟಿ ನಿಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತಾ?

ಇಲ್ಲ. ಅರ್ಜಿ ಸೇರಿದ ಮೇಲೆ ಎಲ್ಲ ಫೈಲನ್ನೂ ನಿಮ್ಮ ಫೋನಿಗೆ ಕಳಿಸಿ, ನಿಮ್ಮ ಎದುರಿಗೇ ಅಳಿಸುತ್ತೇನೆ. ಡೌನ್‌ಲೋಡ್ ಫೋಲ್ಡರ್, ರೀಸೈಕಲ್ ಬಿನ್ ಎರಡನ್ನೂ. ಪೋರ್ಟಲ್‌ನಿಂದ ಲಾಗ್‌ಔಟ್ ಆದದ್ದನ್ನೂ ನೋಡಿಕೊಂಡು ಏಳಿ. ಬೇರೆ ಕಡೆ ಗುರುತಿಗಾಗಿ ಆಧಾರ್ ಪ್ರತಿ ಕೊಡಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ. ಅದರ ಒಂದು ಪ್ರತಿ ತೆಗೆದು ನಿಮ್ಮ ಫೋನಿನಲ್ಲಿ ಇಟ್ಟುಕೊಡುತ್ತೇನೆ, ಕೇಳಿ.